ಎಸ್ಟಾಪೆಲ್ ಮತ್ತು ಗೌಪ್ಯ ಸಂವಹನ: ಸರಿ ಉತ್ತರ ಹಿಡಿಯುವುದು, ಉಳಿದ ಮೂರು ಯಾಕೆ ತಪ್ಪು ಎಂದು ಹೇಳುವುದು

ಸಾಕ್ಷ್ಯ ಕಾನೂನಿನ ಪರೀಕ್ಷೆಯಲ್ಲಿ ಈ ಎರಡು ಅಧ್ಯಾಯಗಳಿಂದ ಪ್ರಶ್ನೆ ಬಂದೇ ಬರುತ್ತದೆ. ಕಲಂ ಓದಿಕೊಂಡವರೂ ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಯಾಕೆಂದರೆ ನಾಲ್ಕು ಆಪ್ಷನ್‌ಗಳಲ್ಲಿ ಎರಡರ ತೀರ್ಮಾನ ಒಂದೇ ಇರುತ್ತದೆ, ಕಾರಣ ಮಾತ್ರ ಬೇರೆ. "ಹೇಳಬಹುದು, ಯಾಕೆಂದರೆ..." ಎನ್ನುವ ವಾಕ್ಯದಲ್ಲಿ ತಪ್ಪು ಅಡಗಿರುವುದು ಆ "ಯಾಕೆಂದರೆ" ನಂತರದ ಭಾಗದಲ್ಲಿ. ಹಾಗಾಗಿ ಸರಿ ಉತ್ತರವನ್ನು ಗುರುತಿಸಿದರೆ ಸಾಲದು. ಉಳಿದ ಮೂರರಲ್ಲಿ ಪ್ರತಿಯೊಂದೂ ಎಲ್ಲಿ ಮುರಿಯುತ್ತದೆ ಎಂದು ಒಂದೊಂದು ವಾಕ್ಯದಲ್ಲಿ ಹೇಳಲು ಬರಬೇಕು. ಅದು ಬಂದರೆ ಪ್ರಶ್ನೆಯ ಸಂಗತಿಗಳನ್ನು ಎಷ್ಟೇ ತಿರುಚಿದರೂ ನೀವು ತಪ್ಪುವುದಿಲ್ಲ.

ಇಲ್ಲಿ ಮೂರು ಪ್ರಶ್ನೆಗಳನ್ನು ಪೂರ್ತಿ ಬಿಡಿಸುತ್ತೇನೆ. ಒಂದು ಎಸ್ಟಾಪೆಲ್, ಒಂದು ಗಂಡ ಹೆಂಡತಿಯ ಮಾತುಕತೆ, ಒಂದು ವಕೀಲ ಕಕ್ಷಿದಾರರ ಮಾತುಕತೆ.

ಮೊದಲು ಕಲಂ ಸಂಖ್ಯೆ ಸರಿ ಮಾಡಿಕೊಳ್ಳಿ

2024ರ ಜುಲೈ 1ರಿಂದ 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ 2023 ಬಂದಿದೆ. ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಹಳೆಯ ಸಂಖ್ಯೆಗಳೇ ಇರುತ್ತವೆ. ಎಸ್ಟಾಪೆಲ್ ಹಿಂದೆ 115ರಿಂದ 117ರವರೆಗೆ ಇತ್ತು, ಈಗ 121ರಿಂದ 123. ಗಂಡ ಹೆಂಡತಿಯ ಸಂವಹನ ಹಿಂದೆ 122, ಈಗ 128. ವಕೀಲರ ವಿಷಯ ಹಿಂದೆ 126ರಿಂದ ಶುರುವಾಗುತ್ತಿತ್ತು, ಈಗ 132ರಿಂದ. ಗಮನಿಸಿ, 122 ಎಂಬ ಸಂಖ್ಯೆ ಎರಡೂ ಕಾಯ್ದೆಗಳಲ್ಲಿ ಇದೆ. ಹಳೆಯದರಲ್ಲಿ ಅದು ದಂಪತಿಯ ಮಾತು, ಹೊಸದರಲ್ಲಿ ಬಾಡಿಗೆದಾರನ ಎಸ್ಟಾಪೆಲ್. ಪ್ರಶ್ನೆಯಲ್ಲಿ ಬರೀ "ಕಲಂ 122" ಅಂತ ಇದ್ದರೆ ಯಾವ ಕಾಯ್ದೆ ಎಂದು ನೋಡದೆ ಮುಂದೆ ಹೋಗಬೇಡಿ. ಜುಲೈ 1ರಂದು ಬಾಕಿ ಇದ್ದ ವಿಚಾರಣೆಗಳು ಹಳೆಯ ಕಾಯ್ದೆಯಂತೆಯೇ ನಡೆಯುತ್ತವೆ. ಅದನ್ನು ಹೇಳುವುದು ಹೊಸ ಕಾಯ್ದೆಯ ಕಲಂ 170.

ಯಾರ ಬಾಯಿ, ಯಾವ ಕಾರಣಕ್ಕೆ?

ಪ್ರಶ್ನೆ ಓದಿದ ಕೂಡಲೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು. ಎಸ್ಟಾಪೆಲ್‌ನಲ್ಲಿ ಬಾಯಿ ಮುಚ್ಚುವುದು ಪ್ರಕರಣದ ಪಕ್ಷಗಾರನದು. ಹಿಂದೆ ತಾನೇ ಒಂದು ಮಾತು ಹೇಳಿ ಇನ್ನೊಬ್ಬರನ್ನು ನಂಬಿಸಿದ್ದಾನೆ, ಅವರು ನಂಬಿ ನಡೆದುಕೊಂಡಿದ್ದಾರೆ. ಈಗ ಅದು ಸುಳ್ಳಾಗಿತ್ತು ಎಂದು ತೋರಿಸಲು ಅವನಿಗೆ ಅವಕಾಶ ಇಲ್ಲ. ಅವನು ಈಗ ಹೇಳುತ್ತಿರುವುದು ನಿಜವೇ ಇರಬಹುದು, ಆದರೂ ಬಿಡುವುದಿಲ್ಲ.

ಗೌಪ್ಯ ಸಂವಹನದಲ್ಲಿ ಬಾಯಿ ಮುಚ್ಚುವುದು ಸಾಕ್ಷಿಯದು. ಇಲ್ಲಿ ಯಾರೂ ಯಾರನ್ನೂ ದಾರಿ ತಪ್ಪಿಸಿರುವುದಿಲ್ಲ. ಒಂದು ಸಂಬಂಧದ ಒಳಗೆ ನಂಬಿಕೆಯಿಂದ ಆಡಿದ ಮಾತನ್ನು ಕೋರ್ಟಿಗೆ ತರಬಾರದು ಎಂದು ಕಾನೂನು ತೀರ್ಮಾನಿಸಿದೆ, ಅಷ್ಟೇ. ಈ ವ್ಯತ್ಯಾಸ ಹಿಡಿದರೆ ಎರಡೂ ಅಧ್ಯಾಯ ಬೆರೆಸಿ ಮಾಡಿದ ಆಪ್ಷನ್‌ಗಳು ಆಗಲೇ ಬಿದ್ದುಹೋಗುತ್ತವೆ. "ಹೆಂಡತಿ ಮೊದಲು ಪೊಲೀಸರಿಗೆ ಹೇಳಿದ್ದಳು, ಆದ್ದರಿಂದ ಈಗ ಎಸ್ಟಾಪೆಲ್ ಅನ್ವಯಿಸುತ್ತದೆ" ಎನ್ನುವಂಥವು ಬರುತ್ತವೆ. ಆಕೆ ಪಕ್ಷಗಾರಳಲ್ಲ, ಯಾರನ್ನೂ ನಂಬಿಸಿ ಹೆಜ್ಜೆ ಇಡಿಸಿಲ್ಲ. ಅಲ್ಲಿಗೆ ಆ ಆಪ್ಷನ್ ಮುಗಿಯಿತು.

ಮೊದಲ ಪ್ರಶ್ನೆ: ತನ್ನದಲ್ಲದ ಸೈಟು ಮಾರಿದ ಮಗ

ಸೈಟು ತಂದೆಯ ಸ್ವಯಾರ್ಜಿತ. ತಂದೆ ಬದುಕಿರುವಾಗಲೇ ಮಗ "ಇದು ನನ್ನದು" ಎಂದು ಒಬ್ಬರನ್ನು ನಂಬಿಸಿ ಕ್ರಯಪತ್ರ ಮಾಡಿಕೊಟ್ಟ, ಹಣವನ್ನೂ ಪಡೆದ. ಮೂರು ವರ್ಷದ ನಂತರ ತಂದೆ ತೀರಿಕೊಂಡರು. ವಿಲ್ ಪ್ರಕಾರ ಸೈಟು ಮಗನಿಗೆ ಬಂತು. ಈಗ ಮಗ ದಾವೆ ಹೂಡುತ್ತಾನೆ: ಮಾರಿದ ದಿನ ನನಗೆ ಹಕ್ಕೇ ಇರಲಿಲ್ಲ, ಆದ್ದರಿಂದ ಕ್ರಯ ರದ್ದಾಗಬೇಕು.

ಎ) ಮಗ ಗೆಲ್ಲುತ್ತಾನೆ, ಯಾಕೆಂದರೆ ತನ್ನಲ್ಲಿ ಇಲ್ಲದ ಹಕ್ಕನ್ನು ಯಾರೂ ಇನ್ನೊಬ್ಬರಿಗೆ ಕೊಡಲಾರರು.
ಬಿ) ತಾನೇ ಮಾಲೀಕ ಎಂದು ಪ್ರಾಮಾಣಿಕವಾಗಿ ನಂಬಿದ್ದೆ ಎಂದು ತೋರಿಸಿದರೆ ಮಗ ಗೆಲ್ಲುತ್ತಾನೆ, ಯಾಕೆಂದರೆ ಎಸ್ಟಾಪೆಲ್‌ಗೆ ಮೋಸದ ಉದ್ದೇಶ ಬೇಕು.
ಸಿ) ತನಗೆ ಹಕ್ಕಿರಲಿಲ್ಲ ಎಂದು ಸಾಬೀತು ಮಾಡಲು ಮಗನಿಗೆ ಅವಕಾಶವಿಲ್ಲ.
ಡಿ) ಮಗನಿಗೆ ಅವಕಾಶವಿಲ್ಲ, ಯಾಕೆಂದರೆ ಹಿಂದೆ ಒಪ್ಪಿಕೊಂಡ ಯಾವ ಮಾತೂ ನಿರ್ಣಾಯಕ ಪುರಾವೆ.

ಉತ್ತರ ಸಿ. ಕಲಂ 121ರ ಕೆಳಗೆ ಕೊಟ್ಟಿರುವ ಉದಾಹರಣೆಯೇ ಇದು, ಅಲ್ಲಿ ವಿಲ್ ಮತ್ತು ತಂದೆ ಇಲ್ಲ ಅಷ್ಟೇ. ಕಲಂ ಕೇಳುವುದು ಮೂರು ಸಂಗತಿ. ಮಾತು, ಕೃತ್ಯ ಅಥವಾ ಸುಮ್ಮನಿರುವಿಕೆಯಿಂದ ಉದ್ದೇಶಪೂರ್ವಕವಾಗಿ ನಂಬಿಸಿರಬೇಕು. ಎದುರಿನವರು ಆ ನಂಬಿಕೆಯ ಮೇಲೆ ನಡೆದುಕೊಂಡಿರಬೇಕು. ಮತ್ತು ಈಗಿನ ವ್ಯಾಜ್ಯ ಅವರಿಬ್ಬರ, ಅಥವಾ ಅವರ ಪ್ರತಿನಿಧಿಗಳ ನಡುವಿನದಾಗಿರಬೇಕು. ಇಲ್ಲಿ ಮೂರೂ ಇವೆ.

ಎ ಯಾಕೆ ತಪ್ಪು? ಅದರಲ್ಲಿ ಹೇಳಿರುವ ನಿಯಮ ತಪ್ಪಲ್ಲ. ಹಕ್ಕಿಲ್ಲದವನು ಹಕ್ಕು ಕೊಡಲಾರ ಎನ್ನುವುದು ನಿಜ. ಆದರೆ ಆ ನಿಯಮ ಕೆಲಸ ಮಾಡಬೇಕಾದರೆ "ಹಕ್ಕಿರಲಿಲ್ಲ" ಎನ್ನುವ ಸಂಗತಿ ಕೋರ್ಟಿನ ಮುಂದೆ ಬರಬೇಕು. ಅದನ್ನು ತರಬೇಕಾದವನೇ ಮಗ. ಅವನ ಬಾಯಿ ಕಟ್ಟಿದೆ. ನಿಯಮ ಸರಿ, ಅದನ್ನು ಬಳಸುವ ವ್ಯಕ್ತಿ ತಪ್ಪು.

ಇದಕ್ಕೆ ನಮ್ಮ ಮಡಿಕೇರಿಯದ್ದೇ ಒಂದು ಪ್ರಸಿದ್ಧ ಪ್ರಕರಣ ಇದೆ. ಜುಮ್ಮಾ ಮಸೀದಿ, ಮರ್ಕೆರಾ ವರ್ಸಸ್ ಕೊಡಿಮಣಿಯಂಡ್ರ ದೇವಯ್ಯ, ಎಐಆರ್ 1962ರಲ್ಲಿ ವರದಿಯಾದ ಸುಪ್ರೀಂ ಕೋರ್ಟ್ ತೀರ್ಪು. 1900ರಲ್ಲಿ, ವಿಧವೆಯೊಬ್ಬರು ಬದುಕಿರುವಾಗಲೇ, ಆಕೆಯ ನಂತರ ಆಸ್ತಿ ಬರಬಹುದು ಎಂಬ ನಿರೀಕ್ಷೆಯಷ್ಟೇ ಇದ್ದವರು ಆಸ್ತಿ ತಮ್ಮದೇ ಎಂದು ಹೇಳಿ ಮಾರಿದರು. ವಿಧವೆ ತೀರಿದ ಮೇಲೆ ಆಸ್ತಿ ನಿಜಕ್ಕೂ ಅವರಿಗೆ ಬಂತು. ಬರೀ ನಿರೀಕ್ಷೆಯನ್ನು ಮಾರಲಾಗದು ಎಂದು ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 6(ಎ) ಹೇಳುತ್ತದೆ. ಹಾಗಾದರೆ ಮಾರಾಟ ಬಿತ್ತಾ? ಇಲ್ಲ. ಮಾರುವವರು "ನಿರೀಕ್ಷೆ ಮಾರುತ್ತಿದ್ದೇವೆ" ಎಂದು ಹೇಳಿರಲಿಲ್ಲ, "ಆಸ್ತಿ ನಮ್ಮದು" ಎಂದಿದ್ದರು, ಕೊಂಡವರು ನಂಬಿದ್ದರು. ಅಂಥ ಕಡೆ ಅದೇ ಕಾಯ್ದೆಯ ಕಲಂ 43 ಕೊಂಡವರ ನೆರವಿಗೆ ಬರುತ್ತದೆ ಎಂದು ಕೋರ್ಟ್ ಹೇಳಿತು. ಎಸ್ಟಾಪೆಲ್ ಮಾರಿದವನ ಬಾಯಿ ಕಟ್ಟಿದರೆ, ಕಲಂ 43 ಆಮೇಲೆ ಬಂದ ಹಕ್ಕನ್ನು ಕೊಂಡವನ ಕೈಗೆ ದಾಟಿಸುತ್ತದೆ. ಸೈಟಿನ ಪ್ರಶ್ನೆಯನ್ನೇ "ಕೊಂಡವನಿಗೆ ಹಕ್ಕು ಯಾವ ಕಲಂನಿಂದ ಸಿಗುತ್ತದೆ?" ಎಂದು ತಿರುಗಿಸಿ ಕೇಳಿದರೆ ಉತ್ತರ 43, 121 ಅಲ್ಲ. 121 ಹಕ್ಕು ಸೃಷ್ಟಿಸುವುದಿಲ್ಲ, ಪುರಾವೆಯನ್ನು ತಡೆಯುತ್ತದೆ.

ಬಿ ತುಂಬಾ ಜನರನ್ನು ಎಳೆಯುತ್ತದೆ. ಕಲಂನಲ್ಲಿ "ಉದ್ದೇಶಪೂರ್ವಕವಾಗಿ" ಎಂಬ ಪದ ಇದೆಯಲ್ಲ, ಅದನ್ನು ಮೋಸದ ಉದ್ದೇಶ ಎಂದು ಓದುವವರು ಜಾಸ್ತಿ. ಶರತ್ ಚಂದರ್ ಡೇ ವರ್ಸಸ್ ಗೋಪಾಲ್ ಚಂದರ್ ಲಾಹಾ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ 1892ರಲ್ಲೇ ಇದನ್ನು ಬಗೆಹರಿಸಿತು. ಹೇಳಿದವನು ತಾನೂ ತಪ್ಪು ತಿಳಿದಿರಬಹುದು, ಮೋಸ ಮಾಡುವ ಮನಸ್ಸು ಇಲ್ಲದಿರಬಹುದು. ಅದು ಮುಖ್ಯವಲ್ಲ. ಅವನ ಮಾತಿನಿಂದ ಎದುರಿನವನು ನಂಬಿ ತನ್ನ ಸ್ಥಿತಿ ಬದಲಿಸಿಕೊಂಡನೇ ಎನ್ನುವುದು ಮುಖ್ಯ. ಉದ್ದೇಶ ಇರಬೇಕಾದ್ದು ನಂಬಿಸುವುದರಲ್ಲಿ, ವಂಚಿಸುವುದರಲ್ಲಿ ಅಲ್ಲ.

ಡಿ ನೋಡಿ. ತೀರ್ಮಾನ ಸರಿ ಇದೆ, ಕಾರಣ ತಪ್ಪು. ಒಪ್ಪಿಗೆಯ ಮಾತುಗಳು ತಾವಾಗಿಯೇ ನಿರ್ಣಾಯಕ ಪುರಾವೆ ಅಲ್ಲ, ಆದರೆ ಎಸ್ಟಾಪೆಲ್ ಆಗಿ ಕೆಲಸ ಮಾಡಬಹುದು ಎಂದು ಕಲಂ 25 ಸ್ಪಷ್ಟವಾಗಿ ಹೇಳುತ್ತದೆ. ಒಪ್ಪಿಕೊಂಡ ಮಾತನ್ನು ತಪ್ಪಾಗಿ ಹೇಳಿದೆ ಎಂದು ವಿವರಿಸಿ ಹಿಂತೆಗೆದುಕೊಳ್ಳಬಹುದು. ಬೇರೆಯವರು ಅದನ್ನು ನಂಬಿ ಹೆಜ್ಜೆ ಇಟ್ಟ ಮೇಲೆ ಮಾತ್ರ ಅದು ಎಸ್ಟಾಪೆಲ್ ಆಗುತ್ತದೆ.

ಈಗ ಸಂಗತಿಗಳನ್ನು ಒಂದೊಂದಾಗಿ ಬದಲಿಸಿ ನೋಡಿ. ಪರೀಕ್ಷೆಯವರು ಮಾಡುವುದೂ ಅದನ್ನೇ.

ಕೊಳ್ಳುವವರು ಮೊದಲೇ ಖಾತಾ, ಋಣಭಾರ ಪತ್ರ ತೆಗೆಸಿ ನೋಡಿದ್ದರು, ಸೈಟು ತಂದೆಯದ್ದು ಎಂದು ಚೆನ್ನಾಗಿ ಗೊತ್ತಿತ್ತು ಅಂದುಕೊಳ್ಳಿ. ಆಗ ಎಸ್ಟಾಪೆಲ್ ಇಲ್ಲ. ನಿಜ ಗೊತ್ತಿದ್ದವರು "ನಂಬಿದೆ" ಎನ್ನಲಾರರು. ಆರ್.ಎಸ್. ಮದ್ದಣಪ್ಪ ವರ್ಸಸ್ ಚಂದ್ರಮ್ಮ, 1965ರ ಸುಪ್ರೀಂ ಕೋರ್ಟ್ ತೀರ್ಪು, ಮೈಸೂರು ಹೈಕೋರ್ಟಿನಿಂದ ಹೋದ ಮೇಲ್ಮನವಿ. ಎದುರಿನವರಿಗೆ ನಿಜಸ್ಥಿತಿ ಗೊತ್ತಿದ್ದರೆ ತಪ್ಪು ಹೇಳಿದವನನ್ನೂ ಎಸ್ಟಾಪೆಲ್ ಕಟ್ಟುವುದಿಲ್ಲ ಎಂದು ಅಲ್ಲಿ ಹೇಳಲಾಯಿತು. ಕಲಂ 43ಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಮಗ ಅಪ್ರಾಪ್ತ, ವಯಸ್ಸು ಹದಿನೆಂಟು ಆಗಿದೆ ಎಂದು ಸುಳ್ಳು ಹೇಳಿ ಕರಾರು ಮಾಡಿದ್ದ ಅಂದುಕೊಳ್ಳಿ. ಆಗಲೂ ಎಸ್ಟಾಪೆಲ್ ಇಲ್ಲ. ಇಲ್ಲಿ ಎಲ್ಲರೂ ಬರೆಯುವ ಹೆಸರು ಮೊಹೋರಿ ಬೀಬಿ ವರ್ಸಸ್ ಧರ್ಮದಾಸ್ ಘೋಷ್, 1903. ಆದರೆ ಆ ತೀರ್ಪನ್ನು ಎಚ್ಚರಿಕೆಯಿಂದ ಬಳಸಿ. ಅಲ್ಲಿ ಸಾಲ ಕೊಟ್ಟವರ ಏಜೆಂಟನಿಗೆ ಹುಡುಗ ಅಪ್ರಾಪ್ತ ಎಂದು ಗೊತ್ತಿತ್ತು, ಆದ್ದರಿಂದ ಎಸ್ಟಾಪೆಲ್ ಮಾತೇ ಬರಲಿಲ್ಲ. ಅಪ್ರಾಪ್ತನ ವಿರುದ್ಧ ಎಸ್ಟಾಪೆಲ್ ಇಲ್ಲ ಎನ್ನುವ ದೊಡ್ಡ ತತ್ವಕ್ಕೆ ಬೇರು ಇನ್ನೊಂದು ಕಡೆ ಇದೆ. ಕಾಯ್ದೆಯೇ ಶೂನ್ಯ ಎಂದ ಕರಾರಿಗೆ ಎಸ್ಟಾಪೆಲ್ ಜೀವ ಕೊಡಲಾರದು.

ಇದೇ ಎಳೆ ಕರ್ನಾಟಕದ ಪಿಟಿಸಿಎಲ್ ಕಾಯ್ದೆಯಲ್ಲೂ ಕಾಣುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನನ್ನು ಷರತ್ತು ಮೀರಿ ಅಥವಾ ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಆ ವರ್ಗಾವಣೆ ಶೂನ್ಯ ಎನ್ನುತ್ತದೆ 1978ರ ಆ ಕಾಯ್ದೆ. ಮಂಜೂರಾತಿ ಪಡೆದವರೇ "ಯಾವ ತಕರಾರೂ ಇಲ್ಲ" ಎಂದು ಬರೆದುಕೊಟ್ಟಿದ್ದರೂ ಕೊಂಡವರು ಎಸ್ಟಾಪೆಲ್ ಹೇಳಿ ಜಮೀನು ಉಳಿಸಿಕೊಳ್ಳಲು ಆಗುವುದಿಲ್ಲ. ಶಾಸನದ ವಿರುದ್ಧ ಎಸ್ಟಾಪೆಲ್ ಇಲ್ಲ.

ಇನ್ನು ಮಾತು ಭವಿಷ್ಯದ ಬಗ್ಗೆ ಇದ್ದರೆ? "ನಿನಗೆ ಸೈಟು ಕೊಡುತ್ತೇನೆ" ಎಂದ, ಅಷ್ಟೇ. ಕಲಂ 121 ಇರುವ ಸಂಗತಿಯ ಬಗ್ಗೆ ನಂಬಿಸುವುದಕ್ಕೆ ಸಂಬಂಧಿಸಿದ್ದು. ಮುಂದೆ ಮಾಡುವ ಭರವಸೆಗೆ ಪ್ರಾಮಿಸರಿ ಎಸ್ಟಾಪೆಲ್ ಎಂಬ ಬೇರೆ ತತ್ವ ಇದೆ. ಮೋತಿಲಾಲ್ ಪದಂಪತ್ ಶುಗರ್ ಮಿಲ್ಸ್, 1979, ಇದಕ್ಕೆ ಮುಖ್ಯ ತೀರ್ಪು. ಉತ್ತರ ಪ್ರದೇಶ ಸರ್ಕಾರ ಮಾರಾಟ ತೆರಿಗೆ ವಿನಾಯಿತಿಯ ಭರವಸೆ ಕೊಟ್ಟು, ಕಂಪನಿ ನಂಬಿ ವನಸ್ಪತಿ ಕಾರ್ಖಾನೆ ಹಾಕಿದ ಮೇಲೆ ಹಿಂದೆ ಸರಿದಿತ್ತು. ಪ್ರಾಮಿಸರಿ ಎಸ್ಟಾಪೆಲ್ ಮೇಲೆಯೇ ದಾವೆ ಹೂಡಬಹುದು ಎಂದಿತು ಕೋರ್ಟ್. "ಎಸ್ಟಾಪೆಲ್ ಗುರಾಣಿ ಮಾತ್ರ" ಎಂಬ ಆಪ್ಷನ್ ಕಂಡಾಗ ಪ್ರಶ್ನೆ ಯಾವ ಎಸ್ಟಾಪೆಲ್ ಬಗ್ಗೆ ಕೇಳುತ್ತಿದೆ ಎಂದು ನೋಡಿ.

ಬಾಡಿಗೆದಾರನ ಬಲೆ

ಇದು ಚಿಕ್ಕದು, ಆದರೆ ಹಳೆಯ ಪುಸ್ತಕ ಓದಿದವರಿಗೆ ಅಪಾಯ. ಬಾಡಿಗೆದಾರ ತನ್ನ ಮಾಲೀಕನಿಗೆ ಬಾಡಿಗೆ ಶುರುವಾದಾಗ ಹಕ್ಕಿತ್ತು ಎನ್ನುವುದನ್ನು ಅಲ್ಲಗಳೆಯುವಂತಿಲ್ಲ. ಹಳೆಯ ಕಲಂ 116ರಲ್ಲಿ ಈ ತಡೆ "ಬಾಡಿಗೆ ಮುಂದುವರಿದಿರುವಾಗ" ಮಾತ್ರ. ಹೊಸ ಕಲಂ 122 "ಅಥವಾ ಆ ನಂತರ ಯಾವಾಗಲೇ ಆಗಲಿ" ಎಂಬರ್ಥದ ಮಾತನ್ನು ಸೇರಿಸಿದೆ. ಹಾಗಾಗಿ "ಬಾಡಿಗೆ ಮುಗಿದ ಮೇಲೆ ಅಲ್ಲಗಳೆಯಬಹುದು" ಎಂಬ ಆಪ್ಷನ್ ಹೊಸ ಕಾಯ್ದೆಯ ಪ್ರಶ್ನೆಯಲ್ಲಿ ತಪ್ಪು.

ಇನ್ನೊಂದು ತಪ್ಪು ಆಪ್ಷನ್: "ಮಾಲೀಕನ ಹಕ್ಕು ಆಮೇಲೆ ಕೊನೆಗೊಂಡಿತು ಎಂದೂ ತೋರಿಸುವಂತಿಲ್ಲ." ತೋರಿಸಬಹುದು. ತಡೆ ಇರುವುದು ಬಾಡಿಗೆ ಆರಂಭದ ದಿನದ ಹಕ್ಕಿಗೆ. ಮಾಲೀಕ ಆ ಬಳಿಕ ಮನೆಯನ್ನು ಬೇರೆಯವರಿಗೆ ಮಾರಿದ್ದರೆ ಬಾಡಿಗೆದಾರ ಅದನ್ನು ಧಾರಾಳವಾಗಿ ಹೇಳಬಹುದು.

ಎರಡನೇ ಪ್ರಶ್ನೆ: ನಸುಕಿನಲ್ಲಿ ಮನೆಗೆ ಬಂದ ಗಂಡ

ಪಕ್ಕದ ಮನೆಯವನ ಕೊಲೆ ಆಗಿದೆ. ಆ ದಿನ ನಸುಕಿನಲ್ಲಿ ಗಂಡ ಹಿತ್ತಲಿನಿಂದ ಬಂದದ್ದು, ಅಂಗಿ ಬಿಚ್ಚಿ ಒಗೆದದ್ದು, ಸ್ನಾನ ಮಾಡಿದ್ದು ಹೆಂಡತಿ ಕಂಡಿದ್ದಾಳೆ. ಆಮೇಲೆ ಅವನು ಅವಳಿಗೆ "ನಾನೇ ಅವನನ್ನು ಮುಗಿಸಿದೆ" ಎಂದಿದ್ದಾನೆ. ವಿಚಾರಣೆ ಬರುವ ಹೊತ್ತಿಗೆ ಇಬ್ಬರಿಗೂ ವಿಚ್ಛೇದನ ಆಗಿದೆ. ಆಕೆ ಸಾಕ್ಷಿ ಹೇಳಲು ಸಿದ್ಧಳಿದ್ದಾಳೆ. ಗಂಡ ಒಪ್ಪಿಗೆ ಕೊಟ್ಟಿಲ್ಲ.

ಎ) ಆಕೆ ಏನನ್ನೂ ಹೇಳುವಂತಿಲ್ಲ, ಯಾಕೆಂದರೆ ಗಂಡನ ವಿರುದ್ಧ ಹೆಂಡತಿ ಅರ್ಹ ಸಾಕ್ಷಿ ಅಲ್ಲ.
ಬಿ) ಎಲ್ಲವನ್ನೂ ಹೇಳಬಹುದು, ಯಾಕೆಂದರೆ ಈಗ ಅವರು ದಂಪತಿ ಅಲ್ಲ.
ಸಿ) ಕಂಡದ್ದನ್ನು ಹೇಳಬಹುದು, ಅವನು ಆಡಿದ ಮಾತನ್ನು ಹೇಳುವಂತಿಲ್ಲ.
ಡಿ) ಎಲ್ಲವನ್ನೂ ಹೇಳಬಹುದು, ಯಾಕೆಂದರೆ ಆಕೆ ಸ್ವಇಚ್ಛೆಯಿಂದ ಬಂದಿದ್ದಾಳೆ ಮತ್ತು ಇದು ಕೊಲೆ ಪ್ರಕರಣ.

ಉತ್ತರ ಸಿ. ಈ ಸಂಗತಿಗಳನ್ನು ರಾಮ್ ಭರೋಸೆ ವರ್ಸಸ್ ಉತ್ತರ ಪ್ರದೇಶ, 1954ರ ಪ್ರಕರಣದ ನೆರಳಿನಲ್ಲಿ ಕಟ್ಟಿದ್ದೇನೆ. ಅಲ್ಲಿ ಹೆಂಡತಿ ಕಂಡದ್ದು: ಇನ್ನೂ ಕತ್ತಲಿರುವಾಗ ಗಂಡ ಮಾಡಿನಿಂದ ಇಳಿದ, ಹೊಟ್ಟು ತುಂಬಿಡುವ ಕೋಣೆಗೆ ಹೋಗಿ ಬಂದ, ಸ್ನಾನ ಮಾಡಿ ಅದೇ ಧೋತಿ ಉಟ್ಟ. ಇವೆಲ್ಲ ಅವನ ಕೃತ್ಯಗಳು, ಸಂವಹನ ಅಲ್ಲ, ಆದ್ದರಿಂದ ಅವಳು ಹೇಳಬಹುದು ಎಂದಿತು ಸುಪ್ರೀಂ ಕೋರ್ಟ್. ಅವನು ಅವಳಿಗೆ ಹೇಳಿದ ಮಾತು ಮಾತ್ರ ಹೊರಗೆ. ಪ್ರಶ್ನೆ ಬಿಡಿಸುವಾಗ ಒಂದು ಕೆಲಸ ಮಾಡಿ. ಸಂಗತಿಗಳ ಕೆಳಗೆ ಎರಡು ಗೆರೆ ಎಳೆಯಿರಿ. "ಕಂಡಳು" ಎನ್ನುವುದೆಲ್ಲ ಒಂದು ಕಡೆ, "ಹೇಳಿದ, ಬರೆದ" ಎನ್ನುವುದೆಲ್ಲ ಇನ್ನೊಂದು ಕಡೆ. ಅರ್ಧ ಉತ್ತರ ಅಲ್ಲೇ ಬಂತು.

ಎ ತಪ್ಪಾಗುವುದು ಅರ್ಹತೆ ಮತ್ತು ವಿಶೇಷಾಧಿಕಾರ ಎರಡನ್ನೂ ಒಂದೇ ಮಾಡಿದ್ದಕ್ಕೆ. ಆರೋಪಿಯ ಗಂಡ ಅಥವಾ ಹೆಂಡತಿ ಅರ್ಹ ಸಾಕ್ಷಿ ಎಂದು ಕಲಂ 126 ಹೇಳುತ್ತದೆ. ಆಕೆ ಸಾಕ್ಷಿ ಕಟ್ಟೆ ಹತ್ತಬಹುದು. ಹತ್ತಿದ ಮೇಲೆ ಒಂದು ಬಗೆಯ ಮಾತು ಮಾತ್ರ ಹೇಳುವಂತಿಲ್ಲ.

ಬಿ ತಪ್ಪಾಗುವುದು ಸಮಯ ತಪ್ಪಿದ್ದಕ್ಕೆ. ನೋಡಬೇಕಾದ್ದು ಮಾತಾಡಿದ ದಿನದ ಸಂಬಂಧ, ಸಾಕ್ಷಿ ಹೇಳುವ ದಿನದ್ದಲ್ಲ. ಎಂ.ಸಿ. ವರ್ಗೀಸ್ ವರ್ಸಸ್ ಟಿ.ಜೆ. ಪೊನ್ನನ್, ಎಐಆರ್ 1970. ಗಂಡ ಹೆಂಡತಿಗೆ ಬರೆದ ಪತ್ರಗಳಲ್ಲಿ ಮಾವನ ಬಗ್ಗೆ ಮಾನಹಾನಿ ಮಾತುಗಳಿದ್ದವು. ಮಗಳು ಪತ್ರಗಳನ್ನು ಅಪ್ಪನಿಗೆ ಕೊಟ್ಟಳು. ಅಪ್ಪ ಕೇಸು ಹಾಕಿದ. ನಡುವೆ ಮದುವೆಯೂ ಅಸಿಂಧು ಎಂದು ಘೋಷಣೆ ಆಯಿತು. ಸಂವಹನ ನಡೆದ ದಿನ ಅವರು ದಂಪತಿ, ಆದ್ದರಿಂದ ರಕ್ಷಣೆ ಉಳಿಯುತ್ತದೆ ಎಂದಿತು ಕೋರ್ಟ್. ಇದರ ಇನ್ನೊಂದು ಮುಖವೂ ಇದೆ: ಮದುವೆಗೆ ಮುಂಚೆ ಆಡಿದ ಮಾತಿಗೆ, ಆಮೇಲೆ ಮದುವೆ ಆದರೂ, ಈ ರಕ್ಷಣೆ ಇಲ್ಲ.

ಡಿಯಲ್ಲಿ ಎರಡು ತಪ್ಪು ಒಟ್ಟಿಗೆ ಇವೆ. ಕಲಂ 128 ಎರಡು ಮಾತು ಹೇಳುತ್ತದೆ. ಹೇಳುವಂತೆ ಒತ್ತಾಯಿಸುವಂತಿಲ್ಲ, ಮತ್ತು ಹೇಳಲು ಬಿಡುವಂತೆಯೂ ಇಲ್ಲ. ಎರಡನೆಯದನ್ನು ತೆಗೆಯಬಲ್ಲವರು ಮಾತಾಡಿದವರು ಅಥವಾ ಅವರ ಪ್ರತಿನಿಧಿ. ಕೇಳಿಸಿಕೊಂಡವರ ಇಚ್ಛೆಗೆ ಬೆಲೆ ಇಲ್ಲ. ಇನ್ನು ಕೊಲೆ ಎಂಬ ಕಾರಣ. ವಿನಾಯಿತಿ ಅಪರಾಧ ಎಷ್ಟು ದೊಡ್ಡದು ಎನ್ನುವುದರ ಮೇಲೆ ನಿಂತಿಲ್ಲ, ಯಾರ ಮೇಲೆ ಎನ್ನುವುದರ ಮೇಲೆ ನಿಂತಿದೆ. ದಂಪತಿಗಳ ನಡುವಿನ ದಾವೆ, ಅಥವಾ ಒಬ್ಬರು ಇನ್ನೊಬ್ಬರ ಮೇಲೆ ಮಾಡಿದ ಅಪರಾಧದ ಪ್ರಕರಣ ಮಾತ್ರ ಹೊರಗೆ. ಸತ್ತವನು ಪಕ್ಕದ ಮನೆಯವನು. ಹಾಗಾಗಿ ವಿನಾಯಿತಿ ಬರುವುದಿಲ್ಲ. ಗಂಡ ಹೆಂಡತಿಗೇ ಹೊಡೆದು, ಯಾಕೆ ಹೊಡೆದೆ ಎಂದು ಅವಳಿಗೆ ಹೇಳಿದ್ದರೆ ಅವಳು ಆ ಮಾತನ್ನೂ ಹೇಳಬಹುದಿತ್ತು.

ಈಗ ಸಂಗತಿ ಬದಲಿಸಿ. ಗಂಡ ಹೇಳಿದ ಮಾತನ್ನು ಕಿಟಕಿಯ ಆಚೆ ನಿಂತ ನೆರೆಯವಳು ಕೇಳಿಸಿಕೊಂಡಳು. ಆಕೆ ಸಾಕ್ಷಿ ಹೇಳಬಹುದೇ? ಹೇಳಬಹುದು. ತಡೆ ಇರುವುದು ಮದುವೆಯಾದ ವ್ಯಕ್ತಿಗೆ. ವರ್ಗೀಸ್ ಪ್ರಕರಣದಲ್ಲೂ ಪತ್ರಗಳನ್ನು ಹೆಂಡತಿಯ ಬಾಯಿಂದ ಅಲ್ಲದೆ ಬೇರೆ ದಾರಿಯಲ್ಲಿ ಸಾಬೀತು ಮಾಡಲು ಅಡ್ಡಿ ಇಲ್ಲ ಎಂದೇ ಕೋರ್ಟ್ ಹೇಳಿತು. "ಆ ಮಾತು ಯಾವ ದಾರಿಯಿಂದಲೂ ಕೋರ್ಟಿಗೆ ಬರುವಂತಿಲ್ಲ" ಎಂಬ ಆಪ್ಷನ್ ಇಲ್ಲಿ ಬೀಳುತ್ತದೆ.

ಫೋನ್ ರೆಕಾರ್ಡಿಂಗ್ ಬಗ್ಗೆ ಈಗ ಪ್ರಶ್ನೆಗಳು ಬರುತ್ತವೆ. 2025ರ ಜುಲೈ 14ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ ಒಂದು ವಿಚ್ಛೇದನ ಪ್ರಕರಣದಲ್ಲಿ, ಗಂಡ ಗುಟ್ಟಾಗಿ ರೆಕಾರ್ಡ್ ಮಾಡಿದ ಹೆಂಡತಿಯ ಫೋನ್ ಮಾತುಕತೆಯನ್ನು ಪುರಾವೆಯಾಗಿ ತೆಗೆದುಕೊಳ್ಳಬಹುದು ಎಂದಿತು. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಬೇಡ ಎಂದಿತ್ತು. ಈ ತೀರ್ಪನ್ನು ಓದುವಾಗ ಅದು ದಂಪತಿಗಳ ನಡುವಿನದೇ ವ್ಯಾಜ್ಯ ಎನ್ನುವುದನ್ನು ಮರೆಯಬೇಡಿ. ಅದು ಕಲಂನ ವಿನಾಯಿತಿಯ ಒಳಗೇ ಇದೆ. "ಗಂಡ ಹೆಂಡತಿಯ ರೆಕಾರ್ಡಿಂಗ್ ಯಾವ ಪ್ರಕರಣದಲ್ಲಾದರೂ ಸರಿ" ಎಂದು ಹಿಗ್ಗಿಸಿದ ಆಪ್ಷನ್ ಬಂದರೆ ಬಿಡಿ.

ಮೂರನೇ ಪ್ರಶ್ನೆ: ನಕಲಿ ಸಹಿಯ ಕಕ್ಷಿದಾರ

ಕಕ್ಷಿದಾರ ವಕೀಲರ ಕಚೇರಿಯಲ್ಲಿ ಹೇಳುತ್ತಾನೆ: "ಹೋದ ವರ್ಷ ಅಣ್ಣನ ಸಹಿ ನಾನೇ ನಕಲು ಮಾಡಿದೆ. ಕೇಸಾಗಿದೆ, ನನ್ನ ಪರ ವಾದಿಸಿ ಸಾರ್." ಸ್ವಲ್ಪ ದಿನದ ಮೇಲೆ ಜಗಳ ಆಗಿ ಅವರ ವಕಾಲತ್ತು ತೆಗೆದುಹಾಕುತ್ತಾನೆ. ಪ್ರಾಸಿಕ್ಯೂಷನ್ ಆ ವಕೀಲರನ್ನೇ ಸಾಕ್ಷಿಯಾಗಿ ಕರೆಯುತ್ತದೆ.

ಎ) ಹೇಳಲೇಬೇಕು, ಯಾಕೆಂದರೆ ಮಾತು ಅಪರಾಧದ ಬಗ್ಗೆ ಇದೆ.
ಬಿ) ಹೇಳಬಹುದು, ಯಾಕೆಂದರೆ ವಕಾಲತ್ತು ಮುಗಿದಿದೆ.
ಸಿ) ಹೇಳುವುದು ಬಿಡುವುದು ವಕೀಲರ ವಿವೇಚನೆ, ಯಾಕೆಂದರೆ ಈ ವಿಶೇಷಾಧಿಕಾರ ಅವರದು.
ಡಿ) ಕಕ್ಷಿದಾರನ ಸ್ಪಷ್ಟ ಒಪ್ಪಿಗೆ ಇಲ್ಲದೆ ಹೇಳುವಂತಿಲ್ಲ.

ಉತ್ತರ ಡಿ, ಕಲಂ 132. ಸಿ ತಪ್ಪು, ಯಾಕೆಂದರೆ ವಿಶೇಷಾಧಿಕಾರ ಕಕ್ಷಿದಾರನದು, ವಕೀಲರು ಅದನ್ನು ಕಾಯುವವರು ಮಾತ್ರ. ಬಿ ತಪ್ಪು, ಯಾಕೆಂದರೆ ಸೇವೆ ಮುಗಿದ ಮೇಲೂ ಹೊಣೆ ಮುಂದುವರಿಯುತ್ತದೆ ಎಂದು ಕಲಂನ ವಿವರಣೆಯಲ್ಲೇ ಇದೆ.

ಎ ಮೇಲೆ ಸ್ವಲ್ಪ ನಿಲ್ಲೋಣ. ಕಲಂನಲ್ಲಿ ಎರಡು ವಿನಾಯಿತಿ ಇವೆ. ಕಾನೂನುಬಾಹಿರ ಉದ್ದೇಶವನ್ನು ಮುಂದುವರಿಸಲು ಆಡಿದ ಮಾತು ಒಂದು. ಸೇವೆ ಶುರುವಾದ ಮೇಲೆ ಅಪರಾಧ ಅಥವಾ ವಂಚನೆ ನಡೆದಿದೆ ಎಂದು ತೋರಿಸುವ, ವಕೀಲರು ತಾವೇ ಗಮನಿಸಿದ ಸಂಗತಿ ಇನ್ನೊಂದು. ನಮ್ಮ ಕಕ್ಷಿದಾರ ಹೇಳಿದ್ದು ಮುಗಿದ ಅಪರಾಧ. ಮುಗಿದದ್ದಕ್ಕೆ ರಕ್ಷಣೆ ಕೇಳುವುದು ಯಾರಿಗಾದರೂ ಇರುವ ಹಕ್ಕು, ಅದಕ್ಕಾಗಿ ನಿಜ ಹೇಳಿದ್ದನ್ನು ಅವನ ವಿರುದ್ಧ ಬಳಸುವಂತಿಲ್ಲ. ಅದೇ ಕಕ್ಷಿದಾರ "ಈ ನಕಲಿ ಪತ್ರ ಇಟ್ಟುಕೊಂಡು ಜಮೀನು ನನಗೆ ಬರುವಂತೆ ದಾವೆ ಹಾಕಿ" ಎಂದಿದ್ದರೆ ರಕ್ಷಣೆ ಇರುತ್ತಿರಲಿಲ್ಲ. ನಕಲು ಒಂದೇ, ಪತ್ರ ಒಂದೇ. ಮೊದಲನೆಯದರಲ್ಲಿ ವಕೀಲರು ಹಿಂದಿನ ತಪ್ಪಿಗೆ ವಾದ ಮಾಡುತ್ತಾರೆ, ಎರಡನೆಯದರಲ್ಲಿ ಮುಂದಿನ ತಪ್ಪಿಗೆ ಕೈ ಜೋಡಿಸುತ್ತಾರೆ. ಪ್ರಶ್ನೆಯಲ್ಲಿ ಕ್ರಿಯಾಪದದ ಕಾಲ ನೋಡಿ. "ಮಾಡಿದೆ" ಇದ್ದರೆ ಸಾಮಾನ್ಯವಾಗಿ ರಕ್ಷಣೆ, "ಮಾಡಬೇಕು, ಮಾಡಿಸಿ" ಇದ್ದರೆ ವಿನಾಯಿತಿಯ ಕಡೆ ಯೋಚಿಸಿ.

ಎರಡನೇ ವಿನಾಯಿತಿಗೆ ಕಾಯ್ದೆಯೇ ಕೊಡುವ ಉದಾಹರಣೆ ಲೆಕ್ಕದ ಪುಸ್ತಕದ್ದು. ಹಣ ದುರುಪಯೋಗದ ಆರೋಪಿಯ ಪರ ವಕೀಲರು ಕೆಲಸ ಶುರು ಮಾಡಿದಾಗ ಪುಸ್ತಕದಲ್ಲಿ ಇಲ್ಲದ ನಮೂದು, ನಡುವೆ ಕಾಣಿಸಿಕೊಳ್ಳುತ್ತದೆ. ಆ ನಮೂದು ವಕೀಲರ ಕಣ್ಣಿಗೆ ಬಿದ್ದರೆ ಅದಕ್ಕೆ ರಕ್ಷಣೆ ಇಲ್ಲ. ಕಕ್ಷಿದಾರ ಅದನ್ನು ತೋರಿಸಿದನೇ ಇಲ್ಲವೇ ಎನ್ನುವುದು ಅಪ್ರಸ್ತುತ. "ಕಕ್ಷಿದಾರ ಗಮನಕ್ಕೆ ತರದಿದ್ದರಿಂದ ಹೇಳುವಂತಿಲ್ಲ" ಎಂಬ ಆಪ್ಷನ್ ತಪ್ಪುವುದು ಇಲ್ಲಿ.

ಕಕ್ಷಿದಾರನೇ ಕೋರ್ಟಿನಲ್ಲಿ ಸಾಕ್ಷಿ ಹೇಳಿದರೆ ರಕ್ಷಣೆ ಹೋಯಿತೇ? ಇಲ್ಲ, ಕಲಂ 133 ನೋಡಿ. ಅವನು ವಕೀಲರನ್ನೇ ಸಾಕ್ಷಿಯಾಗಿ ಕರೆದು, ಆ ಗೌಪ್ಯ ವಿಷಯದ ಬಗ್ಗೆಯೇ ಪ್ರಶ್ನೆ ಕೇಳಿದಾಗ ಮಾತ್ರ ಒಪ್ಪಿಗೆ ಕೊಟ್ಟಂತೆ. ಬರೀ ಕರೆದದ್ದಕ್ಕೆ ಅಲ್ಲ.

ವಕೀಲರ ಗುಮಾಸ್ತ, ದುಭಾಷಿ, ನೌಕರರಿಗೂ ಇದೇ ನಿರ್ಬಂಧ ಇದೆ. ಆದರೆ ಕಂಪನಿಯೊಳಗೆ ಸಂಬಳಕ್ಕಿರುವ ಕಾನೂನು ಅಧಿಕಾರಿಗೆ? 2025ರ ಅಕ್ಟೋಬರ್ 31ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅವರು ಕೋರ್ಟಿನಲ್ಲಿ ವೃತ್ತಿ ಮಾಡುವ ವಕೀಲರಲ್ಲ, ಆದ್ದರಿಂದ ಕಲಂ 132 ಅವರಿಗೆ ಸಿಗದು, ಕಲಂ 134ರ ಸೀಮಿತ ರಕ್ಷಣೆ ಸಿಗಬಹುದು ಎಂದಿತು. ಅದೇ ತೀರ್ಪು, ಕಕ್ಷಿದಾರನ ವಿವರ ಕೇಳಿ ವಕೀಲರಿಗೆ ತನಿಖಾಧಿಕಾರಿಗಳು ಸಮನ್ಸ್ ಕೊಡುವುದನ್ನು ಕಲಂ 132ರ ವಿನಾಯಿತಿಗಳಿಗೆ ಸೀಮಿತಗೊಳಿಸಿತು. ಅಂಥ ಸಮನ್ಸ್‌ಗೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಮೇಲಧಿಕಾರಿಯ ಒಪ್ಪಿಗೆ ಬೇಕು.

ಕೊನೆಯದಾಗಿ, ಆಪ್ಷನ್‌ಗಳಲ್ಲಿ ವೈದ್ಯರು, ಪತ್ರಕರ್ತರು, ಪಾದ್ರಿಗಳು ಕಾಣಿಸಿಕೊಂಡಾಗ. "ಇವರೆಲ್ಲರ ಬಳಿ ಆಡಿದ ಮಾತಿಗೂ ಸಾಕ್ಷ್ಯ ಅಧಿನಿಯಮದಲ್ಲಿ ವಿಶೇಷಾಧಿಕಾರ ಇದೆ" ಎನ್ನುವುದು ತಪ್ಪು. ವೈದ್ಯರಿಗೆ ವೃತ್ತಿ ನೀತಿಯ ಗೌಪ್ಯತೆ ಇದೆ, ಆದರೆ ಈ ಅಧಿನಿಯಮದ ವೃತ್ತಿ ಸಂವಹನದ ಕಲಂನಲ್ಲಿ ಅವರ ಹೆಸರಿಲ್ಲ. ಕೋರ್ಟ್ ಕೇಳಿದರೆ ವೈದ್ಯರು ಆ ಕಲಂ ತೋರಿಸಿ ಸುಮ್ಮನಿರಲಾಗದು.